ಸ್ಕ್ಯಾನ್ ಮಾಡಿದ ಹಳೆಯ ಪ್ರಶ್ನೆಪತ್ರಿಕೆಗಳಿಂದ ಘಟಕವಾರು ಪ್ರಶ್ನೆಕೋಠಿ: ಸಮಗ್ರ ಮಾರ್ಗದರ್ಶಿ

ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಒಂದು ಫೋಲ್ಡರಿಗೆ ಸುರಿದಿಟ್ಟವರು ಮೊದಲು ಹುಡುಕುವುದು ಚಿತ್ರದಲ್ಲಿನ ಅಕ್ಷರಗಳನ್ನು ಓದಿ ಪಠ್ಯವಾಗಿಸುವ ಒಳ್ಳೆಯ ಒಸಿಆರ್ ತಂತ್ರಾಂಶವನ್ನು. ಅದು ಬೇಕೇ ಬೇಕು, ಆದರೆ ಇಂಥ ಕೆಲಸಗಳು ಅರ್ಧಕ್ಕೆ ನಿಲ್ಲುವುದು ಒಸಿಆರ್ ಕೈಕೊಟ್ಟಿದ್ದರಿಂದ ಅಲ್ಲ. ಒಂದು ಪ್ರಶ್ನೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಎರಡು ಪಾಠಗಳಿಗೆ ಸೇರುವ ಪ್ರಶ್ನೆಯನ್ನು ಎಲ್ಲಿಡಬೇಕು, 'ಕಠಿಣ' ಎಂದರೆ ಏನು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳದೆ ಹೊರಟರೆ ಐದಾರು ಪತ್ರಿಕೆ ಮುಗಿಯುವಷ್ಟರಲ್ಲಿ ಗುರುತುಗಳು ಒಂದಕ್ಕೊಂದು ತಾಳೆಯಾಗದಂತಾಗುತ್ತವೆ. ಈ ಬರಹದ ಹೆಚ್ಚಿನ ಭಾಗ ಆ ಮೂರು ತೀರ್ಮಾನಗಳ ಬಗ್ಗೆಯೇ ಇದೆ.

ಉದಾಹರಣೆಗೆ ಭೌತಶಾಸ್ತ್ರದ ವಿದ್ಯುತ್ ಘಟಕವನ್ನು ತೆಗೆದುಕೊಳ್ಳುತ್ತೇನೆ. ಪತ್ರಿಕೆಗಳಲ್ಲಿ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇವೆ, ಚಿತ್ರಗಳಿವೆ, ಸೂತ್ರಗಳಿವೆ ಎಂದುಕೊಳ್ಳೋಣ. ಬೇರೆ ವಿಷಯದವರಿಗೆ ಸೂತ್ರದ ತಲೆನೋವು ಕಡಿಮೆ, ಉಳಿದದ್ದೆಲ್ಲ ಅದೇ.

ಚಿತ್ರವೇ ಮೂಲ, ಪಠ್ಯ ಹುಡುಕಾಟಕ್ಕೆ

ಎಲ್ಲಕ್ಕಿಂತ ಮೊದಲಿನ ತೀರ್ಮಾನ: ಪ್ರತಿ ಪ್ರಶ್ನೆಗೂ ಒಂದು ಕತ್ತರಿಸಿದ ಚಿತ್ರ ಇರಲಿ, ಒಸಿಆರ್ ಕೊಟ್ಟ ಪಠ್ಯ ಅದರ ಪಕ್ಕದಲ್ಲಿರಲಿ. ಎಲ್ಲವನ್ನೂ ತಪ್ಪಿಲ್ಲದೆ ಟೈಪ್ ಮಾಡಿಯೇ ಮುಂದೆ ಹೋಗುತ್ತೇನೆಂದು ಹಟ ಹಿಡಿದರೆ ಕೆಲಸ ಅಲ್ಲೇ ಕೂರುತ್ತದೆ. 10⁻¹⁹ ಎಂಬುದು ಒಸಿಆರ್‌ನಲ್ಲಿ 10-19 ಆಗುತ್ತದೆ, m/s² ಎಂಬುದು m/s2 ಆಗುತ್ತದೆ. ಇವು ಕಣ್ಣಿಗೆ ಬೀಳದ ತಪ್ಪುಗಳು, ಮಕ್ಕಳ ಕೈಗೆ ಹೋದ ಮೇಲೆ ಉತ್ತರವನ್ನೇ ಕೆಡಿಸುವ ತಪ್ಪುಗಳು. ಚಿತ್ರ ಕೈಯಲ್ಲಿದ್ದರೆ ಪಠ್ಯ ಒರಟಾಗಿದ್ದರೂ ನಡೆಯುತ್ತದೆ. ಒಂದು ಪ್ರಶ್ನೆಯನ್ನು ನಿಜವಾಗಿ ಬಳಸುವ ದಿನ ಅದೊಂದನ್ನು ಚಿತ್ರ ನೋಡಿ ತಿದ್ದಿದರೆ ಸಾಕು.

ಒಸಿಆರ್‌ಗೆ 300 ಡಿಪಿಐ ಸ್ಕ್ಯಾನ್ ಒಳ್ಳೆಯ ಅಳತೆ. ನಿಮ್ಮ ಪಿಡಿಎಫ್ ಎಷ್ಟರಲ್ಲಿದೆ ಎಂದು ತಿಳಿಯಲು, ಕಡತದ ಹೆಸರು PH2018A.pdf ಎಂದಾದರೆ, `pdfimages -list PH2018A.pdf` ಆಜ್ಞೆ ಕೊಟ್ಟು x-ppi ಕಾಲಂ ನೋಡಿ. 150ಕ್ಕಿಂತ ಕಡಿಮೆ ಬಂದರೆ ಒತ್ತಕ್ಷರಗಳೆಲ್ಲ ಕಲಸಿಹೋಗುವ ಸಾಧ್ಯತೆ ಹೆಚ್ಚು. ಮೂಲ ಕಾಗದ ಇನ್ನೂ ಸಿಗುವಂತಿದ್ದರೆ ಮತ್ತೊಮ್ಮೆ ಸ್ಕ್ಯಾನ್ ಮಾಡುವುದೇ ಅಗ್ಗದ ದಾರಿ. ಉಳಿದದ್ದು ಎರಡು ಆಜ್ಞೆಗಳ ಕೆಲಸ:

```
ocrmypdf -l kan+eng --rotate-pages --deskew --sidecar PH2018A.txt PH2018A.pdf PH2018A-ocr.pdf
pdftoppm -r 300 -png PH2018A.pdf PH2018A
```

ಮೊದಲ ಸಾಲು ಅಡ್ಡ ಬಿದ್ದ ಪುಟಗಳನ್ನು ತಿರುಗಿಸಿ, ಓರೆಯಾದದ್ದನ್ನು ನೇರ ಮಾಡಿ, ಪಠ್ಯವನ್ನು ಬೇರೆ ಕಡತಕ್ಕೂ ಬರೆಯುತ್ತದೆ. ಎರಡನೆಯದು ಪುಟಗಳನ್ನು ಕತ್ತರಿಸಲು ಬೇಕಾದ ಚಿತ್ರಗಳಾಗಿ ಮಾಡುತ್ತದೆ. ಒಳಗೆ ಕೆಲಸ ಮಾಡುವುದು ಟೆಸೆರ್ಯಾಕ್ಟ್ ಎಂಬ ಒಸಿಆರ್ ತಂತ್ರಾಂಶ, ಅದರ ಕನ್ನಡದ ಭಾಷಾ ಕಡತ `kan` ಮೊದಲೇ ಕಂಪ್ಯೂಟರಿನಲ್ಲಿರಬೇಕು. ಆಜ್ಞೆಗಳ ಸಹವಾಸ ಬೇಡ ಎನ್ನುವವರು ಪಿಡಿಎಫನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಕನ್ನಡ ಪಠ್ಯ ಸಿಗುತ್ತದೆ. ಆದರೆ ಪತ್ರಿಕೆಯ ವಿನ್ಯಾಸ ಚದುರಿಹೋಗುತ್ತದೆ.

ಕನ್ನಡ ಪತ್ರಿಕೆಗಳಿಗೇ ಮೀಸಲಾದ ಎರಡು ತೊಡಕುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ರಾಶಿಯಲ್ಲಿ ಕೆಲವು ಪಿಡಿಎಫ್‌ಗಳು ಸ್ಕ್ಯಾನ್ ಆಗಿರದೆ ನುಡಿಯಂಥ ಹಳೆಯ ಫಾಂಟಿನಲ್ಲಿ ಟೈಪಾದವು ಇರಬಹುದು. ಅವುಗಳಿಂದ ಪಠ್ಯ ನಕಲಿಸಿದರೆ 'ಕನ್ನಡ' ಎಂಬುದು `PÀ£ÀßqÀ` ಎಂದು ಬರುತ್ತದೆ. ಪಠ್ಯ ಮೊದಲೇ ಇದೆ ಎಂದು ಒಸಿಆರ್ ಕೂಡ ಅಂಥ ಕಡತವನ್ನು ಮುಟ್ಟದೆ ನಿಂತುಬಿಡುತ್ತದೆ. ಆಗ `--force-ocr` ಸೇರಿಸಿ, ಅಥವಾ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಬಳಸಿ. ಪರಿವರ್ತಕವೇ ಮೇಲು, ಅದರಲ್ಲಿ ಓದುವ ತಪ್ಪುಗಳು ನುಸುಳುವುದಿಲ್ಲ. ಇನ್ನೊಂದು ತೊಡಕು ಕನ್ನಡದ ಸೊನ್ನೆ ಮತ್ತು ಅನುಸ್ವಾರದ್ದು. ಎರಡೂ ನೋಡಲು ಒಂದೇ, ಯೂನಿಕೋಡ್‌ನಲ್ಲಿ ಬೇರೆ ಬೇರೆ. 'ಸಂಖ್ಯೆ' ಎಂದು ಹುಡುಕಿದರೆ ಕಣ್ಣೆದುರಿಗಿರುವ ಪ್ರಶ್ನೆಯೇ ಸಿಗದಿದ್ದರೆ, ಅಲ್ಲಿ ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿರಬಹುದು. ಕನ್ನಡ ಅಕ್ಷರದ ಬೆನ್ನಿಗೇ ಅಂತರವಿಲ್ಲದೆ ಬಂದ ೦ ಎಲ್ಲವನ್ನೂ ಹುಡುಕಿ ತಿದ್ದಿದರೆ ಬಹುಪಾಲು ಸರಿಹೋಗುತ್ತದೆ.

ಹೆಸರು ಮತ್ತು ಕಾಲಂಗಳು

ಪ್ರತಿ ಪ್ರಶ್ನೆಗೆ ಒಂದು ಸ್ಥಿರವಾದ ಗುರುತು ಬೇಕು, ಅದು ಪತ್ರಿಕೆಯಿಂದ ಬರಬೇಕು, ಘಟಕದಿಂದಲ್ಲ. PH2018A-D35b ಎಂದರೆ 2018ರ ಭೌತಶಾಸ್ತ್ರದ ಮೊದಲ ಪತ್ರಿಕೆ, ವಿಭಾಗ ಡಿ, 35ನೆಯ ಪ್ರಶ್ನೆಯ ಎರಡನೆಯ ಭಾಗ. ಇದನ್ನೇ 'ವಿದ್ಯುತ್-17' ಎಂದು ಕರೆದರೆ, ಮುಂದೆ ಆ ಪ್ರಶ್ನೆ ಕಾಂತತ್ವಕ್ಕೆ ಸೇರಬೇಕೆಂದು ಗೊತ್ತಾದಾಗ ಗುರುತನ್ನೂ ಚಿತ್ರದ ಹೆಸರನ್ನೂ ಉತ್ತರಪತ್ರಿಕೆಯ ಉಲ್ಲೇಖವನ್ನೂ ಬದಲಿಸಬೇಕಾಗುತ್ತದೆ. ಕತ್ತರಿಸಿದ ಚಿತ್ರಕ್ಕೂ ಅದೇ ಹೆಸರು: PH2018A-D35b.png. ಗುರುತು ಅಕ್ಷರದಿಂದ ಶುರುವಾಗಲಿ. ಬರೀ 3-12 ಎಂದು ಬರೆದರೆ ಸ್ಪ್ರೆಡ್‌ಶೀಟ್ ಅದನ್ನು ದಿನಾಂಕ ಮಾಡಿಬಿಡುತ್ತದೆ, ಮೂಲ ಸಂಖ್ಯೆ ಆಮೇಲೆ ಸಿಗುವುದಿಲ್ಲ.

ಸ್ಪ್ರೆಡ್‌ಶೀಟಿನಲ್ಲಿ ಒಂದು ಪ್ರಶ್ನೆಗೆ ಒಂದು ಸಾಲು. ಕಾಲಂಗಳು ಈ ಕ್ರಮದಲ್ಲಿರಲಿ, ಮುಂದಿನ ಸೂತ್ರಗಳು ಇದನ್ನೇ ನಂಬಿವೆ: A ಗುರುತು, B ಪತ್ರಿಕೆ, C ವಿಭಾಗ, D ಅಂಕ, E ಪಠ್ಯ, F ಚಿತ್ರದ ಹೆಸರು, G ಘಟಕ, H ಉಪಘಟಕ, I ಬೇಕಾದ ಹಿಂದಿನ ಘಟಕಗಳು, J ಒಂದೇ ಅಚ್ಚಿನ ಗುಂಪು, K-L-M ಕಠಿಣತೆಯ ಮೂರು ಪರೀಕ್ಷೆಗಳು, N ಮಟ್ಟ, O ಅಳೆದ ಸುಲಭತೆ, P ಟಿಪ್ಪಣಿ. ಘಟಕ ಮತ್ತು ಉಪಘಟಕದ ಕಾಲಂಗಳನ್ನು ಡ್ರಾಪ್‌ಡೌನ್ ಮಾಡಿ. ಕೈಯಲ್ಲಿ ಬರೆದರೆ 'ವಿದ್ಯುತ್ ಪ್ರವಾಹ', 'ವಿದ್ಯುತ್‌ಪ್ರವಾಹ' ಎಂದು ಎರಡು ಬಗೆಯಲ್ಲಿ ಬಂದು ಎಣಿಕೆ ಕೆಡುತ್ತದೆ.

ಈ ಹಾಳೆಯನ್ನು ಸಿಎಸ್‌ವಿ ಆಗಿ ಉಳಿಸಿ ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಕನ್ನಡದ ಬದಲು ಗೀಚು ಕಂಡರೆ ಗಾಬರಿಯಾಗಬೇಡಿ. ಡೇಟಾ ಮೆನುವಿನಿಂದ ಕಡತವನ್ನು ಆಮದು ಮಾಡಿ, ಯುಟಿಎಫ್-8 ಆಯ್ದರೆ ಸರಿಯಾಗುತ್ತದೆ. ಗೀಚು ಕಂಡಾಗ ಮಾತ್ರ ಉಳಿಸುವ ಗುಂಡಿ ಒತ್ತಬೇಡಿ.

ಎಲ್ಲಿ ಕತ್ತರಿಸಬೇಕು

ಪತ್ರಿಕೆಯಲ್ಲಿರುವ ಪ್ರಶ್ನೆ ಸಂಖ್ಯೆಗಳೇ ಪ್ರಶ್ನೆಯ ಗಡಿ ಎಂದುಕೊಂಡರೆ ಪ್ರಶ್ನೆಕೋಠಿ ಕೆಲಸಕ್ಕೆ ಬರುವುದಿಲ್ಲ. ಒಂದು ಪ್ರಶ್ನೆಯನ್ನು ನೋಡೋಣ:

34. (ಅ) ರೋಧಶೀಲತೆ ಎಂದರೇನು? (1 ಅಂಕ)
(ಆ) 6 Ω ಮತ್ತು 3 Ω ರೋಧಕಗಳನ್ನು ಸಮಾಂತರವಾಗಿ ಜೋಡಿಸಿ, 9 V ವಿದ್ಯುಚ್ಚಾಲಕ ಬಲ ಹಾಗೂ 1 Ω ಆಂತರಿಕ ರೋಧವಿರುವ ಕೋಶಕ್ಕೆ ಸೇರಿಸಲಾಗಿದೆ. 3 Ω ರೋಧಕದಲ್ಲಿ ಹರಿಯುವ ಪ್ರವಾಹ ಎಷ್ಟು? (3 ಅಂಕ)
(ಇ) ಆ ರೋಧಕದಲ್ಲಿ ಒಂದು ನಿಮಿಷದಲ್ಲಿ ಉತ್ಪತ್ತಿಯಾಗುವ ಉಷ್ಣ ಎಷ್ಟು? (1 ಅಂಕ)

ನಿಯಮ ಇಷ್ಟೇ: ಒಂದು ಭಾಗವನ್ನು ಉಳಿದವುಗಳ ನೆರವಿಲ್ಲದೆ ಬಿಡಿಸಬಹುದಾದರೆ ಅದು ಬೇರೆ ಸಾಲು. ಬಿಡಿಸಲಾಗದಿದ್ದರೆ ಜೊತೆಗೇ ಇರಲಿ. (ಅ) ಒಂಟಿಯಾಗಿ ನಿಲ್ಲುತ್ತದೆ, ಹಾಗಾಗಿ D34a, 1 ಅಂಕ. (ಇ) ಭಾಗಕ್ಕೆ (ಆ) ಭಾಗದ ಉತ್ತರವೇ ಬೇಕು, ಆದ್ದರಿಂದ ಎರಡೂ ಸೇರಿ D34bc, 4 ಅಂಕ. ಒಂದು ಚಿತ್ರದ ಮೇಲೆ ನಾಲ್ಕು ಉಪಪ್ರಶ್ನೆಗಳಿದ್ದು ಅವು ಒಂದರ ಮೇಲೊಂದು ನಿಂತಿಲ್ಲವಾದರೆ ನಾಲ್ಕು ಸಾಲು ಮಾಡಿ, ನಾಲ್ಕಕ್ಕೂ ಅದೇ ಚಿತ್ರವನ್ನು ಸೇರಿಸಿ ಕತ್ತರಿಸಿ. 'ಅಥವಾ' ಎಂದು ಕೊಟ್ಟ ಪರ್ಯಾಯ ಪ್ರಶ್ನೆ ಯಾವಾಗಲೂ ಬೇರೆ ಸಾಲು. ಅದರ ಜೋಡಿ ಯಾವುದು ಎಂಬುದನ್ನು ಟಿಪ್ಪಣಿಯಲ್ಲಿ ಬರೆಯಿರಿ, ಆಮೇಲೆ ಅದು ಬೇಕಾಗುತ್ತದೆ.

ಪ್ರಶ್ನೆ ಕೈತಪ್ಪಿದೆಯೇ ಎಂದು ನೋಡಲು ಅಂಕಗಳ ಮೊತ್ತಕ್ಕಿಂತ ಒಳ್ಳೆಯ ಉಪಾಯ ಇಲ್ಲ. PH2019A ಎಂಬ ಇನ್ನೊಂದು ಪತ್ರಿಕೆಯಲ್ಲಿ ಒಂದು ಅಂಕದ 10, ಎರಡು ಅಂಕದ 8ರಲ್ಲಿ 5, ಮೂರು ಅಂಕದ 8ರಲ್ಲಿ 5, ಐದು ಅಂಕದ 6ರಲ್ಲಿ 3 ಪ್ರಶ್ನೆ ಬರೆಯಬೇಕು ಎಂದಿಟ್ಟುಕೊಳ್ಳಿ. ಪರೀಕ್ಷೆಯ ಗರಿಷ್ಠ ಅಂಕ 50, ಆದರೆ ಮುದ್ರಣವಾದ ಎಲ್ಲ ಪ್ರಶ್ನೆಗಳ ಅಂಕ 10 + 16 + 24 + 30, ಅಂದರೆ 80. ನಿಮ್ಮ ಹಾಳೆಯಲ್ಲಿ `=SUMIF(B:B,"PH2019A",D:D)` 80 ತೋರಿಸಬೇಕು. 75 ಬಂದರೆ ಒಂದು ಐದು ಅಂಕದ ಪ್ರಶ್ನೆ ಬಿಟ್ಟುಹೋಗಿರಬಹುದು, ಸಾಮಾನ್ಯವಾಗಿ ಪುಟ ತಿರುಗುವ ಜಾಗದಲ್ಲಿ. 79 ಬಂದರೆ ಉಪಪ್ರಶ್ನೆಯ ಅಂಕ ಹಂಚುವಾಗ ಎಡವಿದ್ದೀರಿ. ಪ್ರತಿ ಪತ್ರಿಕೆ ಮುಗಿದಾಗಲೂ ಈ ಮೊತ್ತ ನೋಡಿಯೇ ಮುಂದಿನದಕ್ಕೆ ಕೈಹಾಕಿ.

ದ್ವಿಭಾಷಾ ಪತ್ರಿಕೆಯಲ್ಲಿ ಒಂದೇ ಪ್ರಶ್ನೆ ಎರಡು ಬಾರಿ ಬರುತ್ತದೆ, ಎರಡೂ ಸೇರಿ ಒಂದೇ ಸಾಲು. ಅನುವಾದದಲ್ಲಿ ವ್ಯತ್ಯಾಸ ಕಂಡರೆ, ಮುದ್ರಣದೋಷ ಕಂಡರೆ ಸುಮ್ಮನೆ ತಿದ್ದಿಬಿಡಬೇಡಿ. ಚಿತ್ರ ಹಾಗೇ ಇರಲಿ, ತಿದ್ದಿದ್ದು ಏನೆಂದು ಟಿಪ್ಪಣಿಯಲ್ಲಿರಲಿ. ಹಳೆಯ ಉತ್ತರಸೂಚಿಯ ಜೊತೆ ಹೋಲಿಸುವವರು ಎಷ್ಟೋ ಸಲ ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ.

ಘಟಕ ಹಚ್ಚುವುದು

ಘಟಕಗಳ ಪಟ್ಟಿ ಈಗಿನ ಪಠ್ಯಕ್ರಮದಿಂದ ಬರಬೇಕು, ಪತ್ರಿಕೆಗಳಿಂದಲ್ಲ. ಹಳೆಯ ಪಠ್ಯಕ್ರಮದ ಪ್ರಶ್ನೆಗಳು ಈಗಿನ ಯಾವ ಘಟಕಕ್ಕೂ ಸೇರದಿದ್ದರೆ U0 ಎಂಬ ಒಂದು ಡಬ್ಬಿ ಮಾಡಿ ಅದರಲ್ಲಿ ಹಾಕಿ. ಅಳಿಸಬೇಡಿ, ಪಠ್ಯಕ್ರಮ ಮತ್ತೆ ಬದಲಾಗಬಹುದು. ಉಪಘಟಕಗಳನ್ನು ಮಾತ್ರ ಮೊದಲೇ ಅಂತಿಮ ಮಾಡಬೇಡಿ. ಮೂರು ಪತ್ರಿಕೆಗಳನ್ನು ಹಚ್ಚಿ ನೋಡಿದ ಮೇಲೆ, ಒಂದು ಉಪಘಟಕಕ್ಕೆ ಒಂದೇ ಪ್ರಶ್ನೆ ಬಂದು ಇನ್ನೊಂದಕ್ಕೆ ಇಪ್ಪತ್ತು ಬಂದಿದ್ದರೆ ಮೊದಲನೆಯದನ್ನು ಪಕ್ಕದ್ದಕ್ಕೆ ಸೇರಿಸಿ, ಎರಡನೆಯದನ್ನು ಒಡೆಯಿರಿ. ಆಮೇಲೆ ಪಟ್ಟಿಗೆ ಬೀಗ ಹಾಕಿ.

ಕಷ್ಟ ಬರುವುದು ಎರಡು ಘಟಕಗಳ ನಡುವಿನ ಪ್ರಶ್ನೆಗಳಲ್ಲಿ. ತಂತಿ, ಕೋಶ, ರೋಧ ಎಲ್ಲ ಇದೆ, ಆದರೆ ಕೇಳಿರುವುದು ಆ ತಂತಿಯ ಸುತ್ತಲಿನ ಕಾಂತಕ್ಷೇತ್ರವನ್ನು. ಪದಗಳನ್ನು ನೋಡಿ ಹಚ್ಚುವವರು ಇದನ್ನು ವಿದ್ಯುತ್ ಪ್ರವಾಹಕ್ಕೆ ಸೇರಿಸುತ್ತಾರೆ. ನಾನು ಬಳಸುವ ನಿಯಮ ಬೇರೆ: ಉತ್ತರ ಬರೆಯಲು ಬೇಕಾದ ಘಟಕಗಳಲ್ಲಿ ಪಾಠದ ಕ್ರಮದಲ್ಲಿ ಯಾವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೋ ಅದೇ ಆ ಪ್ರಶ್ನೆಯ ಘಟಕ. ಉಳಿದವು I ಕಾಲಂಗೆ. ಇದರ ಲಾಭ ತರಗತಿಯಲ್ಲಿ ಗೊತ್ತಾಗುತ್ತದೆ. ಮೂರನೆಯ ಘಟಕ ಮುಗಿದಾಗ ಮೂರರ ಪ್ರಶ್ನೆಗಳನ್ನು ತೆಗೆದು ಕೊಟ್ಟರೆ, ಇನ್ನೂ ಕಲಿಸದ ನಾಲ್ಕನೆಯದನ್ನು ಬೇಡುವ ಪ್ರಶ್ನೆ ಅದರಲ್ಲಿ ಇರುವುದಿಲ್ಲ. ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹಚ್ಚುವುದೂ ನಿಲ್ಲುತ್ತದೆ, ಏಕೆಂದರೆ ಇಲ್ಲಿ ಅಭಿಪ್ರಾಯಕ್ಕೆ ಜಾಗ ಕಡಿಮೆ.

ಹಚ್ಚುವಾಗ ಪತ್ರಿಕೆ ಪತ್ರಿಕೆಯಾಗಿ ಹೋಗುವುದಕ್ಕಿಂತ, ಎಲ್ಲ ಸಾಲುಗಳಿಗೂ ಮೊದಲು ಘಟಕ ಮಾತ್ರ ಹಚ್ಚಿ, ನಂತರ ಘಟಕದ ಪ್ರಕಾರ ಜೋಡಿಸಿಕೊಂಡು ಉಪಘಟಕ ಹಚ್ಚಿ. ಒಂದೇ ಬಗೆಯ ಪ್ರಶ್ನೆಗಳು ಅಕ್ಕಪಕ್ಕ ಬಂದಾಗ ತಪ್ಪು ತಾನಾಗಿ ಕಾಣುತ್ತದೆ.

ಒಂದೇ ಅಚ್ಚಿನ ಪ್ರಶ್ನೆಗಳು

ಹೀಗೆ ಜೋಡಿಸಿದಾಗ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ, ಸಂಖ್ಯೆ ಬದಲಿಸಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು. 9 V ಬದಲು 12 V, 3 Ω ಬದಲು 4 Ω. ಇವನ್ನು ಅಳಿಸುವುದು ಬೇಡ, J ಕಾಲಂನಲ್ಲಿ ಒಂದೇ ಗುಂಪಿನ ಹೆಸರು ಕೊಡಿ. ಯಾವ ಅಚ್ಚು ಎಷ್ಟು ಸಲ ಬಂದಿದೆ ಎಂಬುದು ಅದರಿಂದ ತಿಳಿಯುತ್ತದೆ, ಒಂದೇ ಕಿರುಪರೀಕ್ಷೆಗೆ ಒಂದೇ ಅಚ್ಚಿನ ಎರಡು ಪ್ರಶ್ನೆ ನುಗ್ಗುವುದೂ ತಪ್ಪುತ್ತದೆ. ಕೆಲವು ನೂರು ಸಾಲಿದ್ದರೆ ಕಣ್ಣೇ ಸಾಕು. ಸಾವಿರ ದಾಟಿದರೆ ಪೈಥಾನ್ ನೆರವು ತೆಗೆದುಕೊಳ್ಳಬಹುದು:

```python
import re, unicodedata, difflib

def norm(s):
    s = unicodedata.normalize("NFC", s)
    s = re.sub("[\u200c\u200d]", "", s)
    s = re.sub(r"\d+(\.\d+)?", "#", s)
    return re.sub(r"\s+", " ", s).strip()

def same(a, b):
    return difflib.SequenceMatcher(None, norm(a), norm(b), autojunk=False).ratio()
```

ಇಲ್ಲಿ ಸಂಖ್ಯೆಗಳೆಲ್ಲ # ಆಗುತ್ತವೆ. ಪೈಥಾನಿನ `\d` ಕನ್ನಡ ಅಂಕಿಗಳನ್ನೂ ಹಿಡಿಯುವುದರಿಂದ ೯ ಮತ್ತು 9 ಒಂದೇ ಆಗುತ್ತವೆ. ಕಣ್ಣಿಗೆ ಕಾಣದ ಜೋಡಕ ಚಿಹ್ನೆಗಳನ್ನು ಎರಡನೆಯ ಸಾಲು ಕಿತ್ತುಹಾಕುತ್ತದೆ, ಅವುಗಳಿಂದಾಗಿಯೇ ಒಂದೇ ರೀತಿ ಕಾಣುವ ಎರಡು ಪದಗಳು ಬೇರೆ ಎನಿಸಿಕೊಳ್ಳುತ್ತವೆ. ಇದು ಹೋಲಿಕೆಗೆ ಮಾತ್ರ, ಮೂಲ ಪಠ್ಯದಿಂದ ಅವನ್ನು ತೆಗೆಯಬೇಡಿ. ಒಂದೇ ಉಪಘಟಕದೊಳಗಿನ ಜೋಡಿಗಳನ್ನಷ್ಟೇ ಹೋಲಿಸಿ, 0.85ಕ್ಕಿಂತ ಮೇಲೆ ಬಂದವನ್ನು ಕಣ್ಣಾರೆ ನೋಡಿ ಗುಂಪು ಮಾಡಿ. ಯಂತ್ರ ಹೇಳಿತೆಂದು ಸೇರಿಸಬೇಡಿ: 'ಶ್ರೇಣಿಯಲ್ಲಿ ಜೋಡಿಸಿ', 'ಸಮಾಂತರವಾಗಿ ಜೋಡಿಸಿ' ಎಂಬ ಒಂದು ಪದದ ವ್ಯತ್ಯಾಸ ಅದರ ಲೆಕ್ಕದಲ್ಲಿ ಅಲ್ಪ, ಪ್ರಶ್ನೆಯಲ್ಲಿ ಅದೇ ಎಲ್ಲ.

ಕಠಿಣತೆ: ಮಟ್ಟವನ್ನು ಬರೆಯಬೇಡಿ, ಲೆಕ್ಕ ಹಾಕಿಸಿ

ಹೆಚ್ಚು ಅಂಕ ಎಂದರೆ ಹೆಚ್ಚು ಕಷ್ಟ ಎಂಬುದು ಸುಳ್ಳು. ಪಠ್ಯಪುಸ್ತಕದಲ್ಲಿರುವ ಐದು ಅಂಕದ ನಿಷ್ಪತ್ತಿಯನ್ನು ಬಾಯಿಪಾಠ ಮಾಡಿ ಬರೆಯುವವರು ಒಂದು ಅಂಕದ 'ತಂತಿಯನ್ನು ಎಳೆದು ಉದ್ದವನ್ನು ಎರಡರಷ್ಟು ಮಾಡಿದರೆ ಅದರ ರೋಧ ಎಷ್ಟು ಪಟ್ಟಾಗುತ್ತದೆ?' ಎಂಬಲ್ಲಿ ಎಡವಿ 'ಎರಡು ಪಟ್ಟು' ಎಂದು ಬರೆಯುತ್ತಾರೆ. ಉದ್ದ ಹೆಚ್ಚಿದಂತೆ ಅಡ್ಡಕೊಯ್ತದ ವಿಸ್ತೀರ್ಣ ಅರ್ಧವಾಗುವುದು ಹೊಳೆಯಬೇಕು, ಆಗ ನಾಲ್ಕು ಪಟ್ಟು. ಹಾಗೆಯೇ 'ಜ್ಞಾನ, ಗ್ರಹಿಕೆ, ಅನ್ವಯ' ಎಂದು ನೀಲನಕ್ಷೆಯಲ್ಲಿ ಬರೆಯುವ ವರ್ಗೀಕರಣ ಕೂಡ ಕಠಿಣತೆಯಲ್ಲ. ಅದು ಎಂಥ ಯೋಚನೆ ಬೇಕು ಎಂದು ಹೇಳುತ್ತದೆ, ಎಷ್ಟು ಜನರಿಗೆ ದಕ್ಕುತ್ತದೆ ಎಂದಲ್ಲ. ಬೇಕಿದ್ದರೆ ಅದಕ್ಕೊಂದು ಬೇರೆ ಕಾಲಂ ಇಡಿ.

ಓದಿದ ಕೂಡಲೇ 'ಸಾಧಾರಣ' ಎಂದು ಬರೆಯುವ ಬದಲು ಪ್ರತಿ ಪ್ರಶ್ನೆಗೂ ಮೂರು ಪರೀಕ್ಷೆ ಹಾಕಿ, ಹೌದಾದರೆ 1, ಇಲ್ಲವಾದರೆ 0. K: ಎರಡಕ್ಕಿಂತ ಹೆಚ್ಚು ಹೆಜ್ಜೆಗಳನ್ನು ಒಂದರ ಮೇಲೊಂದು ಕಟ್ಟಬೇಕೇ? L: ಯಾವ ನಿಯಮ ಬಳಸಬೇಕೆಂಬುದನ್ನು ಪ್ರಶ್ನೆ ಹೇಳದೆ ಬಿಟ್ಟಿದೆಯೇ? M: ಈ ಅಚ್ಚಿನ ಪ್ರಶ್ನೆ ಪಠ್ಯಪುಸ್ತಕದ ಬಿಡಿಸಿದ ಉದಾಹರಣೆಗಳಲ್ಲಿ ಇಲ್ಲವೇ? ಮಟ್ಟವನ್ನು N ಕಾಲಂನಲ್ಲಿ ಸೂತ್ರ ಹೇಳಲಿ:

```
=IF(COUNT(K2:M2)<3,"",IF(SUM(K2:M2)=0,"ಸುಲಭ",IF(SUM(K2:M2)=3,"ಕಠಿಣ","ಸಾಧಾರಣ")))
```

ಮೊದಲಿನ `COUNT` ಇಲ್ಲದಿದ್ದರೆ ಇನ್ನೂ ನೋಡದ ಸಾಲುಗಳೆಲ್ಲ 'ಸುಲಭ' ಎಂದು ತೋರುತ್ತವೆ.

ನಮ್ಮ D34bc ಪ್ರಶ್ನೆಯನ್ನು ಬಿಡಿಸಿ ನೋಡೋಣ. ಸಮಾಂತರ ರೋಧ 2 Ω, ಆಂತರಿಕ ರೋಧ ಸೇರಿ 3 Ω, ಒಟ್ಟು ಪ್ರವಾಹ 3 A, ಹೊರಗಿನ ವಿಭವಾಂತರ 6 V, 3 Ω ರೋಧಕದಲ್ಲಿ 2 A, 60 ಸೆಕೆಂಡಿನಲ್ಲಿ ಉಷ್ಣ 2² × 3 × 60 = 720 J. ಹೆಜ್ಜೆಗಳು ಎರಡಕ್ಕಿಂತ ಹೆಚ್ಚು, ಆದ್ದರಿಂದ K = 1. ದಾರಿಯನ್ನು ಪ್ರಶ್ನೆ ಹೇಳಿಲ್ಲ, L = 1. ಇಂಥ ಲೆಕ್ಕ ಪುಸ್ತಕದಲ್ಲಿ ಬಿಡಿಸಿ ತೋರಿಸಿದ್ದರೆ M = 0. ಮೊತ್ತ 2, ಸಾಧಾರಣ. D34a ಮೂರರಲ್ಲೂ 0, ಸುಲಭ. ಪ್ರಶ್ನೆಯನ್ನು ಹೀಗೆ ಬಿಡಿಸದೆ ಬರೀ ಓದಿ K ಹಾಕಬೇಡಿ, ಆಂತರಿಕ ರೋಧದಂಥ ಹೆಜ್ಜೆ ಓದುವಾಗ ಜಾರಿಹೋಗುತ್ತದೆ. ಬಿಡಿಸಿದ್ದರಿಂದ ಉತ್ತರವೂ ಕೈಗೆ ಸಿಗುತ್ತದೆ ಎನ್ನಿ.

'ಸಾಧಾರಣ' ಉಬ್ಬಿಕೊಂಡು ಎಲ್ಲವೂ ಅದರಲ್ಲೇ ಸೇರುತ್ತಿದ್ದರೆ ಸೂತ್ರವನ್ನು ಬದಲಿಸಿ 1 ಮತ್ತು 2ನ್ನು ಬೇರೆ ಮಾಡಬಹುದು. ಸಾವಿರ ಸಾಲಿನ ಮಟ್ಟ ಒಂದೇ ಕ್ಷಣದಲ್ಲಿ ಬದಲಾಗುತ್ತದೆ. ಕೈಯಲ್ಲಿ ಬರೆದಿದ್ದರೆ ಪ್ರತಿಯೊಂದನ್ನೂ ಮತ್ತೆ ಓದಬೇಕಾಗಿತ್ತು.

ಒಬ್ಬರಿಗಿಂತ ಹೆಚ್ಚು ಜನ ಸೇರಿ ಮಾಡುವುದಾದರೆ ಮೊದಲು ಮೂವತ್ತು ಪ್ರಶ್ನೆಗಳನ್ನು ಒಬ್ಬರದನ್ನೊಬ್ಬರು ನೋಡದೆ ಹಚ್ಚಿ, ಆಮೇಲೆ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟು ತಾಳೆಯಾಯಿತು ಎಂಬುದಕ್ಕಿಂತ ಯಾವ ಕಾಲಂನಲ್ಲಿ ತಾಳೆಯಾಗಲಿಲ್ಲ ಎಂಬುದು ಮುಖ್ಯ. L ಕಾಲಂನಲ್ಲೇ ಜಗಳ ಹೆಚ್ಚು. 'ಕಿರ್ಚಾಫ್‌ನ ನಿಯಮ ಬಳಸಿ' ಎಂದಿದ್ದರೆ ದಾರಿ ಹೇಳಿದಂತೆ, ಬರೀ ಮಂಡಲದ ಚಿತ್ರ ಕೊಟ್ಟರೆ ಹೇಳಿಲ್ಲ, ಎಂಬಂಥ ಒಂದೆರಡು ಸಾಲುಗಳನ್ನು ನಿಯಮದ ಹಾಳೆಗೆ ಸೇರಿಸಿ ಮುಂದೆ ಹೋಗಿ.

ಅಂಕಗಳು ಸಿಕ್ಕಾಗ

ಇಲ್ಲಿಯವರೆಗಿನ ಮಟ್ಟ ಅಂದಾಜು. ಪ್ರಶ್ನೆಯನ್ನು ನಿಜವಾಗಿ ಕೊಟ್ಟು ತಿದ್ದಿದಾಗ ಅಳತೆ ಸಿಗುತ್ತದೆ: ಎಲ್ಲರೂ ಪಡೆದ ಅಂಕಗಳ ಮೊತ್ತವನ್ನು ಪಡೆಯಬಹುದಾಗಿದ್ದ ಮೊತ್ತದಿಂದ ಭಾಗಿಸಿ. ಮೂರು ಅಂಕದ ಪ್ರಶ್ನೆಯನ್ನು 40 ಜನ ಬರೆದು ಒಟ್ಟು 66 ಅಂಕ ಪಡೆದಿದ್ದರೆ 66 ÷ 120 = 0.55. ಇದು O ಕಾಲಂಗೆ. ಪುಸ್ತಕಗಳಲ್ಲಿ ಇದಕ್ಕಿರುವ ಹೆಸರು ಕಠಿಣತೆಯ ಸೂಚ್ಯಂಕವಾದರೂ ಸಂಖ್ಯೆ ದೊಡ್ಡದಾದಷ್ಟೂ ಪ್ರಶ್ನೆ ಸುಲಭ, ಹೊಸಬರು ಇದನ್ನು ತಿರುವುಮುರುವು ಓದುತ್ತಾರೆ. 0.3ರಿಂದ 0.7ರ ನಡುವಿನದನ್ನು ಸಾಧಾರಣ ಎಂದು ಹಿಡಿಯುವುದು ರೂಢಿ.

ಆಯ್ಕೆಯಿದ್ದ ಪ್ರಶ್ನೆಗಳಲ್ಲಿ ಈ ಸಂಖ್ಯೆಯನ್ನು ನಂಬಬೇಡಿ. 'ಅಥವಾ' ಪ್ರಶ್ನೆಯನ್ನು ಬರೆದವರು ಅದು ತಮಗೆ ಬರುತ್ತದೆಂದೇ ಆರಿಸಿಕೊಂಡವರು, ಅವರ ಸರಾಸರಿ ಚೆನ್ನಾಗಿಯೇ ಇರುತ್ತದೆ. ಎಷ್ಟು ಜನ ಆ ಪ್ರಶ್ನೆಯನ್ನು ಬಿಟ್ಟರು ಎಂಬುದನ್ನು ಟಿಪ್ಪಣಿಯಲ್ಲಿ ಬರೆದಿಡಿ, ಸರಾಸರಿಗಿಂತ ಅದೇ ಹೆಚ್ಚು ಹೇಳುತ್ತದೆ. ಅಂದಾಜಿನ ಮಟ್ಟಕ್ಕೂ ಅಳತೆಗೂ ದೊಡ್ಡ ಅಂತರ ಬಂದರೆ N ಕಾಲಂ ಮುಟ್ಟದೆ ಮೊದಲು ಕತ್ತರಿಸಿದ ಚಿತ್ರ ನೋಡಿ. ಮಸುಕಾದ ದಶಮಾಂಶ ಬಿಂದು, ಅರ್ಧ ಕತ್ತರಿಸಿದ ಚಿತ್ರ ಇಂಥದ್ದೇ ಕಾರಣವಾಗಿರುವುದು ಉಂಟು.

ಮೂಲ ಹಾಳೆಯ ಹೆಸರು Bank, ಮೂರನೆಯ ಘಟಕದ ಹೆಸರು U3 ಎಂದಿದ್ದರೆ, ಪತ್ರಿಕೆ ತಯಾರಿಸುವಾಗ ಗೂಗಲ್ ಶೀಟ್ಸ್‌ನಲ್ಲಿ ಹೊಸ ಹಾಳೆ ತೆರೆದು ಒಂದು ಸಾಲು ಬರೆದರೆ ಬೇಕಾದವು ಬಂದು ಕೂರುತ್ತವೆ:

```
=FILTER(Bank!A2:P, Bank!G2:G="U3", Bank!N2:N="ಸಾಧಾರಣ")
```

ಬಂದವುಗಳಲ್ಲಿ J ಕಾಲಂ ನೋಡಿ ಒಂದು ಗುಂಪಿನಿಂದ ಒಂದನ್ನೇ ಆರಿಸಿ, F ಕಾಲಂನ ಚಿತ್ರವನ್ನು ತೆರೆದು ಪಠ್ಯವನ್ನು ಅದರೊಡನೆ ಹೋಲಿಸಿ ತಿದ್ದಿ, ತಿದ್ದಿದ ಪಠ್ಯವನ್ನು ಮೂಲ ಹಾಳೆಗೇ ಹಿಂದಿರುಗಿಸಿ. ಟಿಪ್ಪಣಿಯಲ್ಲಿ 'ಪರಿಶೀಲಿಸಿದೆ' ಎಂದು ಬರೆದು, ಯಾವ ಪರೀಕ್ಷೆಗೆ ಬಳಸಿದಿರಿ ಎಂಬುದನ್ನೂ ಸೇರಿಸಿ.